ಡಿಸ್ಚಾರ್ಜ್ ಆದೇಶದಿಂದ ಹಾಸಿಗೆ ಖಾಲಿಯಾಗುವವರೆಗೆ: ಯಾರ ಕೆಲಸ, ಯಾರಿಂದ ಯಾರಿಗೆ

ಸ್ಲೈಡ್ 6 | ವಿಭಾಗ ಮುಖ್ಯಸ್ಥರ ಮಾಸಿಕ ಸಭೆ | ಸಿದ್ಧಪಡಿಸಿದವರು: ಗುಣಮಟ್ಟ ವಿಭಾಗ

ತೆರೆಯ ಮೇಲಿನ ಪಠ್ಯ

ಕ್ಯಾಶ್‌ಲೆಸ್ ವಿಮೆಯಡಿ ದಾಖಲಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರೋಗಿಯ ಬಿಡುಗಡೆಯನ್ನು ಈ ನಕ್ಷೆ ಎಂಟು ಸಾಲುಗಳಲ್ಲಿ ತೋರಿಸುತ್ತದೆ. ಪ್ರತಿಯೊಂದು ಸಾಲೂ ಒಂದು ವಿಭಾಗಕ್ಕೆ ಸೇರಿದ್ದು, ಎಡದಿಂದ ಬಲಕ್ಕೆ ಸಮಯ ಸಾಗುತ್ತದೆ. ಚೌಕ ಎಂದರೆ ಕೆಲಸ, ವಜ್ರಾಕೃತಿ ಎಂದರೆ ತೀರ್ಮಾನ. ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುವ ಬಾಣದ ಮೇಲೆ ಯಾವ ಕಾಗದ ಅಥವಾ ಯಾವ ಎಂಟ್ರಿ ಕೈಬದಲಾಗುತ್ತದೆ ಎಂಬುದನ್ನು ಬರೆದಿದೆ. ಅದು ಎದುರಿನವರ ಕೈಸೇರುವವರೆಗೆ ಕೆಲಸ ಕಳಿಸಿದವರ ಹೊಣೆಯಲ್ಲೇ ಇರುತ್ತದೆ.

ಸಾಲು 1. ಚಿಕಿತ್ಸಕ ವೈದ್ಯರು ಮತ್ತು ಡ್ಯೂಟಿ ಡಾಕ್ಟರ್

ಚೌಕ 1: ಮರುದಿನ ಬಿಡುಗಡೆಯಾಗುವ ಸಾಧ್ಯತೆಯಿರುವ ರೋಗಿಗಳ ಹೆಸರನ್ನು ಚಿಕಿತ್ಸಕ ವೈದ್ಯರು ಹಿಂದಿನ ಸಂಜೆ 6 ಗಂಟೆಯೊಳಗೆ ಕೇಸ್ ಶೀಟ್‌ನಲ್ಲಿ ‘ನಾಳೆ ಸಂಭಾವ್ಯ ಡಿಸ್ಚಾರ್ಜ್’ ಎಂದು ಬರೆದು ಗುರುತಿಸುತ್ತಾರೆ.
ಚೌಕ 2: ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್ ಡಿಸ್ಚಾರ್ಜ್ ಸಮರಿಯ ಕರಡನ್ನು ತಯಾರಿಸಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಲ್ಯಾಬ್ ವರದಿ ಮತ್ತು ಎಕ್ಸ್‌ರೇ ವರದಿಗಳು ಫೈಲಿನಲ್ಲಿವೆಯೇ ಎಂದು ನೋಡುತ್ತಾರೆ.
ಚೌಕ 6: ಬೆಳಗಿನ ರೌಂಡ್ಸ್‌ನಲ್ಲಿ ವೈದ್ಯರು ಕರಡನ್ನು ತಿದ್ದಿ 9.30ರೊಳಗೆ ಸಹಿ ಮಾಡುತ್ತಾರೆ.
ವಜ್ರಾಕೃತಿ ‘ಅ’: ರೋಗಿ ಇಂದು ಹೋಗಬಹುದೇ? ಇಲ್ಲವೆಂದಾದರೆ ಬಾಣ ವಾರ್ಡ್ ಸಾಲಿಗೆ ಮರಳುತ್ತದೆ, ಔಷಧಗಳನ್ನು ಫಾರ್ಮಸಿಯಿಂದ ಮತ್ತೆ ತರಿಸಲಾಗುತ್ತದೆ.

ಸಾಲು 2. ವಾರ್ಡ್ ನರ್ಸಿಂಗ್

ಚೌಕ 3: ಸಂಭಾವ್ಯ ಡಿಸ್ಚಾರ್ಜ್ ಎಂದು ಗುರುತಾದ ರೋಗಿಯ ಹೆಸರಿನಲ್ಲಿ ತಂದು ಬಳಸದೆ ಉಳಿದಿರುವ ಔಷಧ ಮತ್ತು ಸಾಮಗ್ರಿಗಳನ್ನು, ಮರುದಿನ ಬೆಳಗ್ಗೆಯವರೆಗೆ ಬೇಕಾದ ಡೋಸ್‌ಗಳನ್ನಷ್ಟೇ ಇಟ್ಟುಕೊಂಡು, ವಾರ್ಡ್ ಸಿಸ್ಟರ್ ರಾತ್ರಿ 9ರೊಳಗೆ ಪಟ್ಟಿಸಮೇತ ಫಾರ್ಮಸಿಗೆ ಹಿಂದಿರುಗಿಸುತ್ತಾರೆ.
ಚೌಕ 12: ಬಿಲ್ ಚುಕ್ತಾ ಆದ ಮೇಲೆ ಸಿಸ್ಟರ್ ಕ್ಯಾನುಲಾ ತೆಗೆದು, ಮನೆಯಲ್ಲಿ ತೆಗೆದುಕೊಳ್ಳಬೇಕಾದ ಮಾತ್ರೆಗಳನ್ನೂ ಮರುಭೇಟಿಯ ದಿನವನ್ನೂ ರೋಗಿಗೆ ಕನ್ನಡದಲ್ಲಿ ವಿವರಿಸಿ, ಗೇಟ್ ಪಾಸ್ ಕೊಡುತ್ತಾರೆ.

ಸಾಲು 3. ಫಾರ್ಮಸಿ

ಚೌಕ 4: ಹಿಂದಿರುಗಿದ ವಸ್ತುಗಳ ಬ್ಯಾಚ್ ಸಂಖ್ಯೆ ಮತ್ತು ಅವಧಿಯನ್ನು ಪರಿಶೀಲಿಸಿ, ಆ ಮೊತ್ತವನ್ನು ರೋಗಿಯ ಖಾತೆಯಿಂದ ಅಂದೇ ರಾತ್ರಿ ಕಳೆಯಲಾಗುತ್ತದೆ. ಕತ್ತರಿಸಿದ ಸ್ಟ್ರಿಪ್, ತೆರೆದ ಬಾಟಲಿ ಮತ್ತು ಫ್ರಿಜ್‌ನಲ್ಲಿ ಇಡಬೇಕಾದ ಇಂಜೆಕ್ಷನ್‌ಗಳನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಸಾಲು 4. ಬಿಲ್ಲಿಂಗ್

ಚೌಕ 5: ಫಾರ್ಮಸಿ ಖಾತೆ ಮುಚ್ಚಿದೊಡನೆ ರಾತ್ರಿಯೇ ಕರಡು ಬಿಲ್ ತಯಾರಾಗುತ್ತದೆ.
ಚೌಕ 7: ಸಹಿಯಾದ ಸಮರಿ ಬಂದ 20 ನಿಮಿಷದೊಳಗೆ, ಬೆಳಗಿನ ಡ್ರೆಸ್ಸಿಂಗ್ ಮುಂತಾದ ಕೊನೆಯ ಎಂಟ್ರಿಗಳನ್ನು ಸೇರಿಸಿ, ಅಂತಿಮ ಬಿಲ್ ಹೊರಡುತ್ತದೆ.

ಸಾಲು 5. ಇನ್ಶೂರೆನ್ಸ್ ಡೆಸ್ಕ್

ವಜ್ರಾಕೃತಿ ‘ಆ’: ಅಂತಿಮ ಬಿಲ್, ಸಹಿಯಾದ ಸಮರಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ವರದಿಗಳು, ಇಂಪ್ಲಾಂಟ್ ಹಾಕಿದ್ದಲ್ಲಿ ಅದರ ಸ್ಟಿಕರ್ ಮತ್ತು ಇನ್‌ವಾಯ್ಸ್, ಇವೆಲ್ಲವೂ ಇವೆಯೇ? ಒಂದು ಕಡಿಮೆಯಿದ್ದರೂ ಫೈಲ್ ಮುಂದಕ್ಕೆ ಹೋಗದೆ, ಆ ಕಾಗದ ಯಾರಿಂದ ಬರಬೇಕೋ ಅವರ ಸಾಲಿಗೆ ಮರಳುತ್ತದೆ.
ಚೌಕ 8: ಪೂರ್ಣವಾದ ಫೈಲನ್ನು ವಿಮಾ ಕಂಪನಿಗೆ ಅಥವಾ ಟಿಪಿಎಗೆ ಕಳಿಸಿ, ಕಳಿಸಿದ ಸಮಯವನ್ನು ರಿಜಿಸ್ಟರ್‌ನಲ್ಲಿ ನಮೂದಿಸಲಾಗುತ್ತದೆ.
ಚೌಕ 10: ಕ್ವೆರಿ ಬಂದರೆ 30 ನಿಮಿಷದೊಳಗೆ ಉತ್ತರಿಸಲಾಗುತ್ತದೆ.

ಸಾಲು 6. ವಿಮಾ ಕಂಪನಿ ಅಥವಾ ಟಿಪಿಎ (ಆಸ್ಪತ್ರೆಯ ಹೊರಗಿನವರಾದ್ದರಿಂದ ಈ ಸಾಲಿಗೆ ಚುಕ್ಕೆಗೆರೆ)

ಚೌಕ 9 ಮತ್ತು ವಜ್ರಾಕೃತಿ ‘ಇ’: ಪೂರ್ಣ ಮಂಜೂರಾತಿ, ಭಾಗಶಃ ಮಂಜೂರಾತಿ, ಕ್ವೆರಿ ಅಥವಾ ನಿರಾಕರಣೆ. ನಿಯಮದ ಪ್ರಕಾರ ಗರಿಷ್ಠ 3 ಗಂಟೆ.

ಸಾಲು 7. ರೋಗಿ ಮತ್ತು ಮನೆಯವರು

ಚೌಕ 11: ವಿಮೆಗೆ ಒಳಪಡದ ಮೊತ್ತವನ್ನು ಪಾವತಿಸಿ, ಅಂತಿಮ ಬಿಲ್ಲಿಗೆ ಸಹಿ ಮಾಡುತ್ತಾರೆ. ಆ ಮೊತ್ತದ ಅಂದಾಜನ್ನು ಹಿಂದಿನ ರಾತ್ರಿಯ ಕರಡು ಬಿಲ್ ನೋಡಿ ಇನ್ಶೂರೆನ್ಸ್ ಡೆಸ್ಕ್ ಬೆಳಗ್ಗೆ 9ಕ್ಕೇ ತಿಳಿಸಿರಬೇಕು.

ಸಾಲು 8. ಹೌಸ್‌ಕೀಪಿಂಗ್

ಚೌಕ 13: ಗೇಟ್ ಪಾಸ್ ಆದೊಡನೆ ವಾರ್ಡಿನಿಂದ ಕರೆ ಬರುತ್ತದೆ, ಹಾಸಿಗೆ ಸಿದ್ಧವಾದ ಮೇಲೆ ಅಡ್ಮಿಷನ್ ಕೌಂಟರಿಗೆ ತಿಳಿಸಲಾಗುತ್ತದೆ.

ಅಡಿಟಿಪ್ಪಣಿ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ರೋಗಿಗಳು, ವೈದ್ಯರ ಸಲಹೆಗೆ ವಿರುದ್ಧವಾಗಿ ಹೊರಡುವವರು ಮತ್ತು ಚಿಕಿತ್ಸೆಯ ವೇಳೆ ನಿಧನರಾದವರ ಪ್ರಕರಣಗಳು ಈ ನಕ್ಷೆಗೆ ಸೇರಿಲ್ಲ.

ಮಂಡಿಸುವವರ ಟಿಪ್ಪಣಿ

ನಕ್ಷೆಯನ್ನು ಎಡದಿಂದ ಓದಲು ಶುರುಮಾಡಬೇಡಿ. ಮೊದಲು ಚೌಕ 8ರ ಮೇಲೆ ಬೆರಳಿಡಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಬಂದ 3 ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಮಂಜೂರಾತಿ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಈ ನಿಯಮ ಬಂದಾಗಿನಿಂದ ನಮ್ಮಲ್ಲಿ ತಡವಾದಾಗಲೆಲ್ಲ ‘ಇನ್ಶೂರೆನ್ಸ್‌ನವರು ಇನ್ನೂ ಕೊಟ್ಟಿಲ್ಲ’ ಎಂಬ ಒಂದೇ ಉತ್ತರ ರೋಗಿಯ ಮನೆಯವರಿಗೆ ಸಿಗುತ್ತಿದೆ. ಆದರೆ ಆ 3 ಗಂಟೆಯ ಲೆಕ್ಕ ನಮ್ಮ ಕೋರಿಕೆ ಅವರಿಗೆ ತಲುಪಿದ ಮೇಲೆ ಶುರುವಾಗುತ್ತದೆಯೇ ಹೊರತು, ವೈದ್ಯರು ‘ಇವತ್ತು ಮನೆಗೆ ಹೋಗಬಹುದು ಅಮ್ಮಾ’ ಎಂದ ಗಳಿಗೆಯಿಂದಲ್ಲ. ರೋಗಿಯ ಕಡೆಯವರು ಮಾತ್ರ ಆ ಮಾತು ಕೇಳಿದ ಗಳಿಗೆಯಿಂದಲೇ ಎಣಿಸುತ್ತಾರೆ, ಅದು ಸಹಜ. ಚೌಕ 8ರ ಎಡಗಡೆ ಕಳೆಯುವ ಹೊತ್ತೆಲ್ಲ ನಮ್ಮದೇ.

ಕಳೆದ ತಿಂಗಳು ಮೂರನೇ ಮಹಡಿಯ ವಾರ್ಡಿನಲ್ಲಿ ನಡೆದ ಒಂದು ಪ್ರಕರಣವನ್ನು ನಕ್ಷೆಯ ಮೇಲೆಯೇ ತೋರಿಸಿ. ಮೊಣಕಾಲಿನ ಕೀಲು ಬದಲಾಯಿಸಿಕೊಂಡಿದ್ದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಬೆಳಗ್ಗೆ 9ರ ರೌಂಡ್ಸ್‌ನಲ್ಲಿ ಡಿಸ್ಚಾರ್ಜ್ ಹೇಳಲಾಯಿತು, ಮಗ ಆಗಲೇ ಬಾಡಿಗೆ ಕಾರು ಕರೆಸಿದ್ದರು. ಸಮರಿಗೆ ಸಹಿಯಾಗುವಾಗ 11 ಗಂಟೆ. ವಾರ್ಡಿನ ಅಲ್ಮೇರಾದಲ್ಲಿ ಅವರ ಹೆಸರಿನಲ್ಲಿ ಉಳಿದಿದ್ದ ನಾಲ್ಕು ಆ್ಯಂಟಿಬಯೋಟಿಕ್ ವಯಲ್ ಮತ್ತು ಎರಡು ಐವಿ ಸೆಟ್ ಫಾರ್ಮಸಿಗೆ ಹೋಗಿ ಖಾತೆಯಿಂದ ಕಳೆಯುವವರೆಗೆ ಬಿಲ್ಲಿಂಗ್‌ನವರು ಕೈಕಟ್ಟಿ ಕೂರಬೇಕಾಯಿತು, ಏಕೆಂದರೆ ಅಂತಿಮ ಬಿಲ್ ಒಮ್ಮೆ ಹೊರಟ ಮೇಲೆ ವಾಪಸಾತಿಯ ಎಂಟ್ರಿ ಮಾಡಲು ಬರುವುದಿಲ್ಲ. ಫೈಲ್ ವಿಮಾ ಕಂಪನಿಗೆ ಹೋದದ್ದು 1.10ಕ್ಕೆ, ಅದೂ ಇಂಪ್ಲಾಂಟ್ ಸ್ಟಿಕರ್ ಇಲ್ಲದೆ. 2.05ಕ್ಕೆ ಕ್ವೆರಿ ಬಂತು. ಸ್ಟಿಕರ್ ಕಳೆದುಹೋಗಿರಲಿಲ್ಲ; ಆಪರೇಷನ್ ಥಿಯೇಟರಿನ ರಿಜಿಸ್ಟರ್‌ನಲ್ಲಿ ಅಂಟಿಸಿದ್ದರು, ಕೇಸ್ ಶೀಟ್‌ನಲ್ಲಿ ಅಂಟಿಸಬೇಕಾದ ಎರಡನೆಯ ಪ್ರತಿ ಅದೇ ಪುಟದ ಹಿಂದೆ ಪಿನ್ ಮಾಡಿದ ಹಾಗೆಯೇ ಇತ್ತು. ಅವರು ಮನೆಗೆ ಹೊರಟಾಗ ಸಂಜೆ 5.40. ಇದರಲ್ಲಿ ವಿಮಾ ಕಂಪನಿಯವರು ತೆಗೆದುಕೊಂಡ ಹೊತ್ತು, ಎರಡೂ ಸಲದ್ದು ಕೂಡಿಸಿದರೂ, 3 ಗಂಟೆ ದಾಟುವುದಿಲ್ಲ.

ಸ್ಟಿಕರ್ ವಿಷಯದಲ್ಲಿ ಒಂದು ಮಾತು ಸೇರಿಸಿ. ಮೊಣಕಾಲಿನ ಇಂಪ್ಲಾಂಟ್‌ಗಳಿಗೆ 2017ರ ಆಗಸ್ಟ್‌ನಿಂದ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡಿದ್ದು, ಬಿಲ್ಲಿನಲ್ಲಿ ಇಂಪ್ಲಾಂಟ್‌ನ ಬೆಲೆ, ಬ್ರ್ಯಾಂಡ್ ಮತ್ತು ಬ್ಯಾಚ್ ಸಂಖ್ಯೆಯನ್ನು ಬೇರೆಯಾಗಿ ತೋರಿಸಬೇಕು. ಹೀಗಾಗಿ ಸ್ಟಿಕರ್ ಬಿಲ್ಲಿಂಗ್‌ಗೂ ಬೇಕು, ವಿಮೆಗೂ ಬೇಕು. ಅದನ್ನು ಕೇಸ್ ಶೀಟ್‌ಗೆ ಅಂಟಿಸುವುದು ಥಿಯೇಟರ್ ಸಿಸ್ಟರ್ ಅವರ ಕೆಲಸ, ರೋಗಿ ವಾರ್ಡಿಗೆ ಬಂದಾಗ ಅದು ಇದೆಯೇ ಎಂದು ನೋಡಿಕೊಳ್ಳುವುದು ವಾರ್ಡ್ ಸಿಸ್ಟರ್ ಅವರ ಕೆಲಸ ಎಂದು ತೀರ್ಮಾನಿಸಿದ್ದೇವೆ. ಥಿಯೇಟರಿಗೆ ಈ ನಕ್ಷೆಯಲ್ಲಿ ಪ್ರತ್ಯೇಕ ಸಾಲು ಕೊಟ್ಟಿಲ್ಲ. ಅವರ ಕೆಲಸ ಡಿಸ್ಚಾರ್ಜ್‌ಗೆ ಕೆಲವು ದಿನ ಮೊದಲೇ ಮುಗಿದಿರುತ್ತದೆ, ಒಂಬತ್ತನೆಯ ಸಾಲು ಹಾಕಿದರೆ ಹಿಂದಿನ ಬೆಂಚಿನವರಿಗೆ ಅಕ್ಷರಗಳೂ ಕಾಣಿಸುವುದಿಲ್ಲ.

ಹೊಸತೆಂದರೆ ಮುಖ್ಯವಾಗಿ ಚೌಕ 3 ಮತ್ತು 4 ಹಿಂದಿನ ರಾತ್ರಿಗೆ ಸರಿದಿರುವುದು. ಇದಕ್ಕೆ ಫಾರ್ಮಸಿಯವರ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ: ರಾತ್ರಿ ಪಾಳಿಯಲ್ಲಿ ಒಬ್ಬರೇ ಫಾರ್ಮಸಿಸ್ಟ್ ಇರುತ್ತಾರೆ, ತುರ್ತು ವಿಭಾಗದ ಇಂಡೆಂಟ್‌ಗಳನ್ನು ನೋಡುತ್ತಲೇ ವಾಪಸಾತಿಯನ್ನೂ ಎಣಿಸಬೇಕಾಗುತ್ತದೆ, ಬೆಳಗ್ಗೆ ರೋಗಿಗೆ ಜ್ವರ ಬಂದು ಡಿಸ್ಚಾರ್ಜ್ ನಿಂತರೆ ಅದೇ ವಯಲ್‌ಗಳನ್ನು ಮತ್ತೆ ಕೊಟ್ಟು ಎರಡನೆಯ ಸಲ ಎಂಟ್ರಿ ಮಾಡಬೇಕು. ಅವರ ಮಾತನ್ನು ಒಪ್ಪಿಯೇ ರಾತ್ರಿ 9ರ ಗಡುವು ಹಾಕಿದ್ದು, ಆ ಹೊತ್ತಿಗೆ ಮಧ್ಯಾಹ್ನದ ಪಾಳಿಯವರು ಇನ್ನೂ ಇರುತ್ತಾರೆ. ಮಾರ್ಫಿನ್, ಫೆಂಟನಿಲ್‌ನಂತಹ ಔಷಧಗಳು ಈ ವಾಪಸಾತಿ ಪಟ್ಟಿಗೆ ಬರುವುದಿಲ್ಲ. ಅವುಗಳಿಗೆ ಪ್ರತ್ಯೇಕ ರಿಜಿಸ್ಟರ್ ಇದೆ, ಅದರ ಕ್ರಮ ಈಗಿರುವಂತೆಯೇ ಮುಂದುವರಿಯುತ್ತದೆ.

ಸಾಲು 7ರಲ್ಲಿ ಒಂದೇ ಚೌಕವಿರುವುದನ್ನು ಯಾರಾದರೂ ಪ್ರಶ್ನಿಸಬಹುದು. ಗ್ಲೌಸ್, ಡಯಾಪರ್, ಅಟೆಂಡರ್ ಊಟ ಇಂಥವುಗಳಿಗೆ ಸಾಮಾನ್ಯವಾಗಿ ವಿಮೆಯ ಹಣ ಬರುವುದಿಲ್ಲ ಎಂಬುದು ನಮಗೆ ಗೊತ್ತಿರುವಷ್ಟು ಮನೆಯವರಿಗೆ ಗೊತ್ತಿರುವುದಿಲ್ಲ. ‘ಕ್ಯಾಶ್‌ಲೆಸ್ ಅಂದಿದ್ದಿರಿ, ಈಗ ದುಡ್ಡು ಕೇಳ್ತಿದ್ದೀರಿ’ ಎಂಬ ಜಗಳ ಹುಟ್ಟುವುದು ಇಲ್ಲಿಯೇ. ಅಂದಾಜನ್ನು ಬೆಳಗ್ಗೆ 9ಕ್ಕೇ ಹೇಳಿದರೆ ಹಣ ಹೊಂದಿಸಲು ಅವರಿಗೆ ಹೊತ್ತು ಸಿಗುತ್ತದೆ, ಕೌಂಟರಿನಲ್ಲಿ ದನಿ ಏರುವುದೂ ತಪ್ಪುತ್ತದೆ.

ಹೌಸ್‌ಕೀಪಿಂಗ್ ಬಗ್ಗೆ ಹೆಚ್ಚು ಹೇಳುವುದು ಬೇಕಿಲ್ಲ. ಅವರಿಗೆ ಕರೆ ಹೋದರೆ ಕೆಲಸ ಆಗುತ್ತದೆ, ಕರೆ ಹೋಗದಿರುವುದೇ ತೊಂದರೆ.

ಕೊನೆಯದಾಗಿ, ಚೌಕ 10ರಿಂದ ಸಾಲು 1ಕ್ಕೆ ಹೋಗುವ ಕೆಂಪು ಬಾಣವನ್ನು ತೋರಿಸಿ. ಅದರ ತುದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಬೇಕೆಂದೇ ಇಟ್ಟಿದ್ದೇವೆ. ವೈದ್ಯಕೀಯ ವಿವರಣೆ ಕೇಳಿ ಕ್ವೆರಿ ಬಂದಾಗ ಚಿಕಿತ್ಸಕ ವೈದ್ಯರು ಥಿಯೇಟರಿನಲ್ಲಿದ್ದರೆ, ಡೆಸ್ಕಿನವರು ಹೊರಗೆ ಕಾಯುತ್ತಾ ನಿಲ್ಲುತ್ತಾರೆ, 30 ನಿಮಿಷದ ಗಡುವು ಕಾಗದದ ಮೇಲೆಯೇ ಉಳಿಯುತ್ತದೆ. ಅಂಥ ಸಂದರ್ಭದಲ್ಲಿ ಡ್ಯೂಟಿ ಡಾಕ್ಟರ್ ಉತ್ತರಕ್ಕೆ ಸಹಿ ಮಾಡಬಹುದೇ, ಅಥವಾ ಪ್ರತಿ ವಿಭಾಗದಲ್ಲೂ ಆ ದಿನಕ್ಕೆ ಒಬ್ಬ ಸಹಾಯಕ ವೈದ್ಯರನ್ನು ಹೆಸರಿಸಬೇಕೇ ಎಂಬುದನ್ನು ವೈದ್ಯಕೀಯ ಅಧೀಕ್ಷಕರು ಇಂದಿನ ಸಭೆಯಲ್ಲೇ ತಿಳಿಸಬೇಕೆಂದು ಕೋರಿ. ಅವರು ಹೇಳಿದ ಹುದ್ದೆಯ ಹೆಸರನ್ನು ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಬರೆದು, ಮುದ್ರಿತ ಪ್ರತಿಯನ್ನು ಸೋಮವಾರ ಎಲ್ಲ ವಾರ್ಡ್‌ಗಳ ನರ್ಸಿಂಗ್ ಸ್ಟೇಷನ್‌ನಲ್ಲಿ ಅಂಟಿಸಲಾಗುವುದು.