ಬಾಡಿಗೆ ಕರಾರು_ಫೈನಲ್_3

ಸರ್, ಮೇಡಂ, ಕರಡು ಇದರ ಜೊತೆಗಿದೆ. ಫೈನಲೈಸ್ ಮಾಡಿ.
– ಟೈಪಿಂಗ್ ಅಂಗಡಿ

ಬಾಡಿಗೆ ಕರಾರು ಪತ್ರ

1. ಅವಧಿ: 1-6-2025ರಿಂದ ~~24~~ 11 ತಿಂಗಳು.

[ಟೈಪಿಂಗ್ ಅಂಗಡಿ: ವರ್ಷ ದಾಟಿದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಕಡ್ಡಾಯ. 11 ಹಾಕಿದ್ದೇನೆ.]

2. ಬಾಡಿಗೆ ತಿಂಗಳಿಗೆ ರೂ. ~~14,000~~ 15,000, ನೀರಿನ ಬಿಲ್ ~~ಸೇರಿ~~ ಬೇರೆ.

[ಬಾಡಿಗೆದಾರ: ಆಂಟಿ, ನೀರು ಸೇರಿಸಿ 14 ಅಂತ ಮಾತಾಗಿತ್ತು ಅಲ್ವಾ?]
[ಮಾಲೀಕರು: ನೀರು ಸೇರಿಸಿ 15 ಅಂದಿದ್ದೆ. ‘ಬೇರೆ’ ಅಂತ ಯಾರು ಹಾಕಿದ್ದು?]

3. ಅಡ್ವಾನ್ಸ್ ರೂ. 1,00,000. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಹಿಡಿದುಕೊಳ್ಳಲಾಗುವುದು.

[ಬಾಡಿಗೆದಾರ: ಈಗಲೇ ಪೇಂಟ್ ಆಗಿಲ್ಲ. ಸಿಂಕ್ ಹಿಂದಿನ ಗೋಡೆಯಲ್ಲಿ ಪಾಚಿ ಇದೆ, ಫೋಟೋ ತೆಗೆದಿದ್ದೇನೆ.]
[ಮಾಲೀಕರ ಮಗ: ಅಮ್ಮಾ, ಇದಕ್ಕೆ ಸುಮ್ನೆ ಇರು. ಸ್ಕೂಲ್ ಶುರುವಾಗ್ತಿದೆ, ಅವರೇ ಒಪ್ಪಿಕೊಳ್ತಾರೆ. ಕಳಿಸೋ ಮುಂಚೆ ಈ ಕಾಮೆಂಟ್ ಅಳಿಸಿಬಿಡು.]

4. ಮನೆಯಲ್ಲಿ ನಾಯಿ, ~~ಬೆಕ್ಕು~~ ಸಾಕುವಂತಿಲ್ಲ.

[ಮಾಲೀಕರು: ಬೆಕ್ಕು ಇರಲಿ. ಇಲಿ ಜಾಸ್ತಿ.]

5. ಖಾಲಿ ಮಾಡುವ ಮುನ್ನ ~~ಎರಡು~~ ~~ಒಂದು~~ ಎರಡು ತಿಂಗಳ ನೋಟಿಸ್ ಕೊಡತಕ್ಕದ್ದು.

ಸಾಕ್ಷಿಗಳು:
1. ಎದುರು ಮನೆಯವರು
2. ~~ಬ್ರೋಕರ್~~

[ಮಾಲೀಕರು: ಅವರ ಕಮಿಷನ್ ಬಾಕಿ ಇದೆ. ಕರೆಯಬೇಡಿ.]