ಅಭ್ಯಾಸ ಸೆಷನ್ 6: ನಿದ್ದೆಯ ಮಾತು ನನಗೆ ಯಾಕೆ ಕೇಳಿಸಲಿಲ್ಲ

ಶಿವಮೊಗ್ಗ, ಬುಧವಾರ ರಾತ್ರಿ

ಇವತ್ತಿನ ಕೌನ್ಸೆಲಿಂಗ್ ಅಭ್ಯಾಸದಲ್ಲಿ ನಾನು ಕೌನ್ಸೆಲರ್, ಒಬ್ಬ ಸಹಪಾಠಿ ಕ್ಲೈಂಟ್, ಇನ್ನೊಬ್ಬಳು ವೀಕ್ಷಕಿ. 20 ನಿಮಿಷ. ಅವನು ವಹಿಸಿದ ಪಾತ್ರ ಸಾಗರದ ಕಡೆಯವನದು. ಬೆಂಗಳೂರಿನಲ್ಲಿ ಕೆಲಸ, ಅಪ್ಪ ತೀರಿಕೊಂಡಿದ್ದಾರೆ, ಅಡಿಕೆ ತೋಟ ಮಾರಬೇಕೆಂದಿದ್ದಾನೆ. ಊರಲ್ಲಿ ಅಮ್ಮ ಒಬ್ಬರೇ.

ಎಲ್ಲರ ಒಪ್ಪಿಗೆಯಿಂದ ಮಾಡಿಕೊಂಡ ರೆಕಾರ್ಡಿಂಗನ್ನು ಮನೆಗೆ ಬಂದು ಎರಡು ಸಲ ಕೇಳಿದೆ. ಏಳನೇ ನಿಮಿಷದಲ್ಲಿ ಅವನು ಹೇಳುತ್ತಾನೆ: "ಊರಿಂದ ವಾಪಸ್ ಹೋದ್ಮೇಲೆ ಒಂದು ವಾರ ನಿದ್ದೇನೇ ಬರಲ್ಲ ಮೇಡಂ." ನಾನು "ಹ್ಞೂಂ" ಅಂದು, ಉಸಿರು ಬಿಡುವಷ್ಟೂ ಹೊತ್ತು ಕೊಡದೆ ಕೇಳಿದ್ದೇನೆ: "ಮಾರಿಬಿಟ್ರೆ ಅಮ್ಮನ್ನ ಯಾರು ನೋಡ್ಕೋತಾರೆ?" ಆಮೇಲೆ ಅವನ ಉತ್ತರಗಳೆಲ್ಲ ಗಿಡ್ಡವಾಗುತ್ತವೆ. ನಿದ್ದೆಯ ಮಾತು ಮತ್ತೆ ಬರುವುದೇ ಇಲ್ಲ.

ಆ ಪ್ರಶ್ನೆ ನಾನು ನನ್ನ ಅಣ್ಣನಿಗೆ ಕೇಳಬೇಕಿದ್ದದ್ದು. ಕಳೆದ ಮಳೆಗಾಲ ನಮ್ಮ ಅಡಿಕೆ ತೋಟಕ್ಕೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸುವ ಹೊತ್ತಿಗೆ ಅವನು ಬರಲಿಲ್ಲ. ಮರ ಹತ್ತಿ ಹೊಡೆಯುವ ಕೊನೆಗೌಡ ಸಿಗದೆ ತಡವಾಯಿತು, ಕೊಳೆ ರೋಗ ಬಿತ್ತು. ಉದುರಿದ ಕಾಯಿಯನ್ನು ಅಮ್ಮ ಒಬ್ಬಳೇ ಬಗ್ಗಿ ಬಗ್ಗಿ ಹೆಕ್ಕಿದಳು. ಆ ಬಾಗಿದ ಬೆನ್ನು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಇವತ್ತು ಎದುರಿಗೆ ಕೂತಿದ್ದವನನ್ನು ನಾನು ನೋಡಲೇ ಇಲ್ಲ, ಅಣ್ಣನನ್ನು ವಿಚಾರಿಸಿಕೊಳ್ಳುತ್ತಿದ್ದೆ. ಇದನ್ನೇ ಪಾಠದಲ್ಲಿ ಪ್ರತಿವರ್ಗಾವಣೆ ಅಂತ ಓದಿದ್ದೆ. ಅದು ಇಷ್ಟು ಸಾಧಾರಣ ಪ್ರಶ್ನೆಯ ವೇಷದಲ್ಲಿ ಬರುತ್ತದೆಂದು ಗೊತ್ತಿರಲಿಲ್ಲ.

ಮೈಗೆ ಮೊದಲೇ ತಿಳಿದಿತ್ತು. ದವಡೆ ಬಿಗಿದಿತ್ತು. ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡುತ್ತಿದ್ದೆನಂತೆ, ವೀಕ್ಷಕಿ ಬರೆದುಕೊಂಡಿದ್ದಾಳೆ.

ಇನ್ನೊಂದನ್ನೂ ಬರೆಯಲೇಬೇಕು. ಹೋದ ವಾರದ ಪಾತ್ರ, ಓದು ಬಿಟ್ಟು ಅಪ್ಪ ಅಮ್ಮನ ಜೊತೆ ಊರಲ್ಲೇ ಉಳಿದ ಹುಡುಗಿ. ಅವಳಿಗೆ "ನಿಮ್ಮದು ದೊಡ್ಡ ಮನಸ್ಸು" ಅಂದಿದ್ದೆ. ಆಗ ಅದು ಅನುಭೂತಿ ಅನ್ನಿಸಿತ್ತು, ಸೆಷನ್ ಚೆನ್ನಾಗಾಯಿತೆಂದು ಖುಷಿಪಟ್ಟಿದ್ದೆ. ಇವತ್ತಿನದರ ಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ: ಉಳಿದವರು ಒಳ್ಳೆಯವರು, ಹೋದವರು ಸ್ವಾರ್ಥಿಗಳು ಎಂಬ ನನ್ನ ತೀರ್ಪು. ಹೊಗಳಿಕೆ ಹೆಚ್ಚು ಅಪಾಯ ಅನ್ನಿಸುತ್ತಿದೆ. ಆ ಹುಡುಗಿಗೆ ಊರು ಬಿಟ್ಟು ಹೋಗುವ ಆಸೆ ಒಳಗೊಳಗೇ ಇದ್ದಿದ್ದರೆ, ನನ್ನ ಮುಂದೆ ಹೇಳಲು ಬಾಯಿ ಬರುತ್ತಿತ್ತೇ? ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಷರತ್ತಿಲ್ಲದ ಸ್ವೀಕಾರವನ್ನು ಪರೀಕ್ಷೆಯಲ್ಲಿ ಚೆನ್ನಾಗಿಯೇ ವಿವರಿಸಿದ್ದೆ. ಊರಲ್ಲಿ ಉಳಿಯಬೇಕೆಂಬ ಷರತ್ತು ನನ್ನೊಳಗೇ ಇತ್ತು.

ಅಣ್ಣನ ಮೇಲಿನ ಸಿಟ್ಟು ಸುಳ್ಳಲ್ಲ, ಅದನ್ನು ಅದುಮಿಡುವುದೂ ಬೇಡ. ಅದರ ಜಾಗ ಕ್ಲೈಂಟಿನ ಎದುರಲ್ಲ, ಮೇಲ್ವಿಚಾರಣೆಯ ಸರ್ ಹತ್ತಿರ. ಶುಕ್ರವಾರ ಈ ಪುಟವನ್ನೇ ಅವರ ಮುಂದಿಡುತ್ತೇನೆ. ದವಡೆ ಬಿಗಿದಾಗ ಪ್ರಶ್ನೆ ಕೇಳದೆ, ಕ್ಲೈಂಟ್ ಆಡಿದ ಕೊನೆಯ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿ ಕಾಯಬೇಕು.

ಅದೇ ಪಾತ್ರವನ್ನು ಇನ್ನೊಮ್ಮೆ ಮಾಡಲು ಗೆಳೆಯ ಒಪ್ಪಿದ್ದಾನೆ. ನಿದ್ದೆ ಬರದ ಆ ವಾರದಿಂದಲೇ ಶುರು ಮಾಡುತ್ತೇವೆ.