ಬೇಸಿಗೆಯ ನೀರಿನ ಲೆಕ್ಕ ಕುರಿತು ಅಪ್ಪಾಜಿಗೆ ಪತ್ರ

ಮಸ್ಕತ್
ಏಪ್ರಿಲ್ 14

ತೀರ್ಥರೂಪ ಅಪ್ಪಾಜಿಯವರ ಪಾದಗಳಿಗೆ ಶಿವಕುಮಾರನ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಮೊನ್ನೆ ವಿಡಿಯೋದಲ್ಲಿ ಅವ್ವ ನಿಮ್ಮ ಕಣಕಾಲನ್ನು ಒತ್ತಿ ತೋರಿಸಿದಾಗ ಹೆಬ್ಬೆರಳಿನ ಗುಳಿ ಬಹಳ ಹೊತ್ತು ಹಾಗೇ ಉಳಿದಿತ್ತು. ಹಿಂದಿನ ಗೂಡಿನಲ್ಲಿ ಓಆರ್‌ಎಸ್ ಪೊಟ್ಟಣಗಳೂ ಕಂಡವು. ಈ ವಿಷಯ ಫೋನಿನಲ್ಲಿ ಮುಗಿಯುವುದಿಲ್ಲವೆಂದು ಬರೆಯುತ್ತಿದ್ದೇನೆ.

ಕಲಬುರಗಿಯ ಬಿಸಿಲಿಗೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ನಿಂಬೆ ಸೋಡಾ ಕುಡಿಯಬೇಕೆಂದು ಓಣಿಯವರು ಹೇಳುವುದು ಹೊಲದಲ್ಲಿ ದುಡಿಯುವ ಗಟ್ಟಿ ಆಳಿಗೆ ಸರಿ. ನಿಮ್ಮ ಹೃದಯ ರಕ್ತವನ್ನು ಸಾಕಷ್ಟು ಜೋರಾಗಿ ದೂಡದಿರುವುದರಿಂದ, ಮೂತ್ರಪಿಂಡಗಳು ಮೈಯಲ್ಲಿ ನೀರು ಕಡಿಮೆಯಾಗಿದೆಯೆಂದು ತಪ್ಪಾಗಿ ತಿಳಿದು ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಆ ನೀರೇ ಕಾಲಿಗಿಳಿದು ಬಾವು ತರುತ್ತದೆ, ಪುಪ್ಪುಸದಲ್ಲಿ ನಿಂತರೆ ಮಲಗಿದಾಗ ಏದುಸಿರು ಬರುತ್ತದೆ. ಉಪ್ಪಿನ ಪಾನೀಯದಿಂದ ಎರಡು ಪಟ್ಟು ನಷ್ಟ: ಅದು ನೀರನ್ನು ಹಿಡಿದಿಡುತ್ತದೆ, ಮತ್ತೆ ನೀರಡಿಕೆಯನ್ನೂ ಹೆಚ್ಚಿಸುತ್ತದೆ. ಒಂದು ಲೀಟರಿಗೆ ಕಲಸುವ ಓಆರ್‌ಎಸ್ ಪುಡಿಯಲ್ಲಿ 2.6 ಗ್ರಾಂ ಉಪ್ಪು ಇರುತ್ತದೆ, ಸೋಡಿಯಂ ಇರುವ ಸಿಟ್ರೇಟ್ ಬೇರೆ. ದಿನದ ಊಟಕ್ಕೆಲ್ಲ ಸೇರಿ ನಿಮಗೆ ಹೇಳಿರುವುದು 5 ಗ್ರಾಂ. ದಣಿವಾಯಿತೆಂದು ಅದನ್ನು ನೀವಾಗಿಯೇ ಕುಡಿಯಬೇಡಿರಿ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪೂ ಬೇಡ. ಅದರಲ್ಲಿರುವ ಪೊಟ್ಯಾಸಿಯಂ ನಿಮ್ಮ ಮಾತ್ರೆಗಳ ಜೊತೆ ಸೇರಿದರೆ ಅಪಾಯವಾದೀತು. ಎಳನೀರಿನ ಬಗ್ಗೆಯೂ ಡಾಕ್ಟರರನ್ನು ಕೇಳಿಯೇ ಮುಂದುವರಿಯಿರಿ.

ಡಾಕ್ಟರರು ದಿನಕ್ಕೆ ಒಂದೂವರೆ ಲೀಟರ್ ಮೀರಬಾರದು ಎಂದದ್ದು ಬರೀ ನೀರಿನ ಲೆಕ್ಕವಲ್ಲ. ಚಹಾ, ಹಾಲು, ಮಜ್ಜಿಗೆ, ಅಂಬಲಿ, ಸಾರು, ಮಾತ್ರೆ ನುಂಗುವ ನೀರು ಎಲ್ಲವೂ ಅದರಲ್ಲೇ ಬರುತ್ತದೆ. ಬೆಳಿಗ್ಗೆ ಅಷ್ಟು ನೀರನ್ನು ಒಂದು ಬಾಟಲಿಗೆ ತುಂಬಿಡಲು ಅವ್ವನಿಗೆ ಹೇಳಿ. ಒಂದು ಕಪ್ಪು ಚಹಾ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ತೆಗೆದು ತುಳಸಿಗೆ ಹಾಕಿರಿ. ಬಾಟಲಿ ಬರಿದಾದಾಗ ಆ ದಿನದ ಪಾಲು ಮುಗಿಯಿತು. ತಂಬಿಗೆಯೆತ್ತಿ ಕುಡಿಯುವ ನಿಮ್ಮ ರೂಢಿಯಲ್ಲಿ ಲೆಕ್ಕ ಸಿಗುವುದಿಲ್ಲ, ಸಣ್ಣ ಲೋಟ ಇಟ್ಟುಕೊಳ್ಳಿರಿ. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಿರಿ, ಇಲ್ಲವೇ ಏಲಕ್ಕಿ ಅಗಿಯಿರಿ. ಮಜ್ಜಿಗೆಯನ್ನು ಪೂರ್ತಿ ಬಿಡಿ ಎನ್ನುತ್ತಿಲ್ಲ. ಉಪ್ಪಿಲ್ಲದೆ, ಜೀರಿಗೆ, ಕೊತ್ತಂಬರಿ ಹಾಕಿ ಅರ್ಧ ಲೋಟ ಕುಡಿಯಿರಿ.

ವಾಂತಿ, ಭೇದಿ ಆದರೆ, ವಿಪರೀತ ಬೆವರಿ ತಲೆ ತಿರುಗಿದರೆ ಈ ಲೆಕ್ಕ ಬದಲಾಗಬಹುದು. ಆಗ ಉಪ್ಪುನೀರನ್ನಾಗಲಿ, ಮೂತ್ರದ ಮಾತ್ರೆ ಬಿಡುವುದನ್ನಾಗಲಿ ಮನೆಯಲ್ಲೇ ನಿರ್ಧರಿಸದೆ ಅಂದೇ ಡಾಕ್ಟರರಿಗೆ ಫೋನ್ ಮಾಡಿಸಿರಿ.

ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ 2 ಕಿಲೋ ಏರಿದರೆ, ಅದು ನೀರೇ ಇರಬಹುದು, ಕಾಯದೆ ತೋರಿಸಿರಿ. ಉಸಿರು ತೀರಾ ಕಟ್ಟಿದರೆ 108ಕ್ಕೆ ಕರೆ ಮಾಡಲು ಮಲ್ಲುವಿಗೆ ಹೇಳಿದ್ದೇನೆ. ಪ್ರತಿದಿನದ ತೂಕದ ಫೋಟೋವನ್ನೂ ಅವನೇ ನನಗೆ ಕಳಿಸಲಿ.

ಅವ್ವನಿಗೆ ನಮಸ್ಕಾರಗಳು.

ಇಂತಿ ನಿಮ್ಮ ಮಗ,
ಶಿವಕುಮಾರ